ಮಜ್ಜಿಗೆ ಇಲ್ಲದ ಮಜ್ಜಿಗೆ ಕೇಕು

ಉತ್ತರದ ಹಿಮದ ನಾಡಿನ ಹಾಪಲಹ್ತಿ ಎಂಬ ಊರಿನಲ್ಲಿ ಸತ್ತವರಿಗೆ ಸ್ವರ್ಗ ಸಿಗುತ್ತದೋ ಇಲ್ಲವೋ ದೇವರಿಗೇ ಗೊತ್ತು. ಅವರನ್ನು ಮಣ್ಣು ಮಾಡಲು ಬಂದವರಿಗೆ ಮಾತ್ರ ತೈಮಿಯ ಮಜ್ಜಿಗೆ ಕೇಕು ಸಿಕ್ಕೇ ಸಿಗುತ್ತಿತ್ತು. ಕಪ್ಪುಗಂದು ಬಣ್ಣ, ಲವಂಗ, ಶುಂಠಿ, ಚಕ್ಕೆ, ಕಪ್ಪು ಸಕ್ಕರೆ ಪಾಕ, ಹುಳಿ ಮಜ್ಜಿಗೆ. ಕತ್ತರಿಸಿದರೆ ಚಾಕುವಿಗೆ ಅಂಟಬಾರದು, ಬಾಯಲ್ಲಿಟ್ಟರೆ ಅಗಿಯುವ ಕೆಲಸ ಇರಬಾರದು. ಅದು ಅವಳ ಅಮ್ಮನ ಕೇಕು. ಅಮ್ಮ ಹೋದಮೇಲೆ ಚರ್ಚಿನ ಸಭಾಮನೆಯ ಅಡುಗೆಕೋಣೆಯ ಬೀಗದಕೈ ತೈಮಿಯ ಏಪ್ರನ್ ಜೇಬಿಗೆ ಬಂತು. ಊರಿನ ಅರ್ಧ ಜನರನ್ನು ಅವಳು ಕಾಫಿ ಕೊಟ್ಟೇ ಮೇಲಕ್ಕೆ ಕಳಿಸಿದ್ದಾಳೆ ಎಂದು ಜನ ತಮಾಷೆ ಮಾಡುತ್ತಿದ್ದರು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಇದ್ದದ್ದೊಂದು ಆ ಅಡುಗೆಕೋಣೆ.

ಎರಡು ಚಳಿಗಾಲದ ಹಿಂದೆ ಅವಳಿಗೆ ಒಂದು ಜ್ವರ ಬಂತು. ಹೋಗುವಾಗ ಜ್ವರ ಬರಿಗೈಯಲ್ಲಿ ಹೋಗಲಿಲ್ಲ, ಅವಳ ಮೂಗು ನಾಲಿಗೆ ಎರಡನ್ನೂ ಹೊತ್ತುಕೊಂಡು ಹೋಯಿತು. ಕಾಫಿ ಬಿಸಿನೀರಾಯಿತು. ಹೊಗೆಯಾಡಿಸಿದ ಮೀನು ಒದ್ದೆ ಬಟ್ಟೆಯಾಯಿತು. ಬರಬಹುದು, ಕಾಯಿರಿ ಎಂದರು ಡಾಕ್ಟರು. ತೈಮಿ ಕಾದಳು. ಬರಲಿಲ್ಲ.

ಈ ಸಂಗತಿ ಊರಿಗೆ ಗೊತ್ತಾಗುವಂತಿರಲಿಲ್ಲ. ರುಚಿ ತಿಳಿಯದವಳ ಕೈಗೆ ಅಡುಗೆಮನೆ ಕೊಡುವ ಪುಣ್ಯಾತ್ಮರು ಯಾವ ಊರಿನಲ್ಲಿದ್ದಾರೆ? ಚರ್ಚಿನ ಆಡಳಿತ ನೋಡಿಕೊಳ್ಳುವ ಕಲೆರ್ವೊ ಒಳ್ಳೆಯ ಮಾತಿನವನೇ. ಗೊತ್ತಾಗಿದ್ದರೆ ಆ ಒಳ್ಳೆಯ ಮಾತಿನಲ್ಲೇ ಒಂದು ಹೂಗುಚ್ಛ ಕೊಟ್ಟು, ಕೈಕುಲುಕಿ, ಬೀಗದಕೈ ಇಸಿದುಕೊಳ್ಳುತ್ತಿದ್ದ. ಹಾಗಾಗಿ ತೈಮಿ ಒಬ್ಬಳಿಗೆ ಮಾತ್ರ ಹೇಳಿದಳು, ಐರಾಗೆ.

ಐರಾ ಅವಳಿಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು. ಅದೇ ಅಡುಗೆಕೋಣೆಯಲ್ಲಿ ಬಹಳ ವರ್ಷಗಳಿಂದ ಪಾತ್ರೆ ತೊಳೆದವಳು, ಕಾಫಿ ಸೋಸಿದವಳು, ಅಚ್ಚಿಗೆ ಬೆಣ್ಣೆ ಸವರಿ ರಸ್ಕಿನ ಪುಡಿ ಉದುರಿಸಿದವಳು. ತೈಮಿ ಹೇಳಿಕೊಂಡು ಅತ್ತಾಗ ಐರಾ ಅವಳ ಬೆನ್ನು ಸವರಿ, ನನ್ನ ನಾಲಿಗೆ ಇಲ್ವಾ, ಅದು ನಿಂದೇ ಅಂದುಕೋ ಎಂದಿದ್ದಳು. ಎಂಥ ಮಾತು! ಅಂದಿನಿಂದ ಒಂದು ಪದ್ಧತಿ ನಡೆದುಬಂತು. ದೊಡ್ಡ ಅಚ್ಚುಗಳ ಜೊತೆಗೆ ಅದೇ ಹಿಟ್ಟಿನಿಂದ ಅಂಗೈ ಅಗಲದ ಒಂದು ಪುಟ್ಟ ಅಚ್ಚನ್ನೂ ತೈಮಿ ಒಲೆಗಿಡುವಳು. ಅದು ಬೆಂದು ತಣ್ಣಗಾದಮೇಲೆ ಐರಾ ಒಂದು ಚೂರು ಬಾಯಿಗಿಟ್ಟುಕೊಳ್ಳುವಳು. ಆಮೇಲೆ, "ಚೆನ್ನಾಗಿದೆ. ಯಾವಾಗಿನ ಹಾಗೇ" ಎನ್ನುವಳು. ಆ ಮಾತು ಕಿವಿಗೆ ಬಿದ್ದಮೇಲೆಯೇ ತೈಮಿ ಉಸಿರು ಬಿಡುವಳು. ಕುರುಡನಿಗೆ ಕೋಲಿದ್ದ ಹಾಗೆ ಅವಳಿಗೆ ಐರಾ.

ಏಪ್ರಿಲ್ಲಿನಲ್ಲಿ, ಹಿಮ ಕರಗಿ ರಸ್ತೆಗಳೆಲ್ಲ ಕೆಸರಾಗುವ ಹೊತ್ತಿಗೆ ಸರಿಯಾಗಿ, ಚರ್ಚಿನ ಹಳೆಯ ಆರ್ಗನ್ ವಾದಕ ವಿಲ್ಹೊ ತೀರಿಕೊಂಡ. ಊರಿನ ಮದುವೆಗಳಿಗೂ ಸಾವುಗಳಿಗೂ ಅವನೇ ನುಡಿಸಿದ್ದ. ಅವನ ಹೆಂಡತಿ ಲೆಂಪಿ ತೈಮಿಯ ಶಾಲೆಯ ಗೆಳತಿ. ಶನಿವಾರ ಮಣ್ಣು ಮಾಡುವುದೆಂದಾಯಿತು. ಶುಕ್ರವಾರ ಬೆಳಿಗ್ಗೆ ತೈಮಿ ಐರಾಳನ್ನು ಕರೆದುಕೊಂಡು ಅಂಗಡಿಗೆ ಹೋದರೆ ಮಜ್ಜಿಗೆ ಇಡುವ ಕಪಾಟು ಬಣಗುಡುತ್ತಿತ್ತು. ಹಾಲಿನ ಲಾರಿ ಸೇತುವೆಯಾಚೆ ಕೆಸರಿನಲ್ಲಿ ಹೂತುಕೊಂಡಿದೆಯಂತೆ. ಮೊಸರಿಲ್ಲ, ಹುಳಿ ಕೆನೆಯಿಲ್ಲ. ಬಹಳ ದಿನ ಕೆಡದ ರಟ್ಟಿನ ಡಬ್ಬಿಯ ಸಿಹಿ ಹಾಲು ಮಾತ್ರ ಇತ್ತು.

ಹಾಲಿಗೆ ಒಂದಿಷ್ಟು ವಿನಿಗರ್ ಬೆರೆಸಿದರೆ ಹುಳಿಯಾಗುತ್ತದಲ್ಲ ಎಂದು ಐರಾ ಕೇಳಿದಳು. ಆಗುತ್ತದೆ, ತೈಮಿಗೂ ಗೊತ್ತು. ಕೇಕು ಉಬ್ಬಿಸುವ ಅಡುಗೆ ಸೋಡಾಕ್ಕೆ ಬೇಕಾದದ್ದು ಹುಳಿ; ಅದು ಮಜ್ಜಿಗೆಯದೋ ವಿನಿಗರಿನದೋ ಎಂದು ಸೋಡಾ ಜಾತಿ ಕೇಳುವುದಿಲ್ಲ. ಆದರೆ ವಿನಿಗರ್ ಒಂದು ಚಮಚ ಹೆಚ್ಚಾದರೆ ಕೇಕು ಉಪ್ಪಿನಕಾಯಿ ಭರಣಿಯ ಹಾಗೆ ನಾರುತ್ತದೆ, ನಾರಿದರೆ ತನ್ನ ಮೂಗಿಗೆ ತಿಳಿಯುವುದಿಲ್ಲ. ಆ ಭಯಕ್ಕೆ ಅವಳು ವಿನಿಗರ್ ಬೇಡವೆಂದಳು. ಬದಲಿಗೆ ಬೇಕಿಂಗ್ ಪೌಡರಿನ ಒಂದು ಹೊಸ ಡಬ್ಬಿ ಕೊಂಡಳು. ಅವಳ ಅಡುಗೆಕೋಣೆಗೆ ಆ ಡಬ್ಬಿ ಬಂದದ್ದು ಅಪರೂಪ.

ದಾರಿಯುದ್ದಕ್ಕೂ ಅವಳು ಐರಾಗೆ ಪಾಠ ಮಾಡುತ್ತ ಬಂದಳು. ಗೊತ್ತಿದ್ದದ್ದನ್ನು ಹೇಳಿಕೊಡುವುದೆಂದರೆ ಅವಳಿಗೆ ಹಬ್ಬ. ಬೇಕಿಂಗ್ ಪೌಡರಿನಲ್ಲಿ ಸೋಡಾವೂ ಇದೆ, ಅದಕ್ಕೆ ಬೇಕಾದ ಒಣ ಹುಳಿಯೂ ಇದೆ, ಎರಡೂ ಜಗಳವಾಡದಿರಲೆಂದು ನಡುವೆ ಒಂದಿಷ್ಟು ಗಂಜಿಹಿಟ್ಟೂ ಇದೆ. ಹಾಗಾಗಿ ಸೋಡಾ ಒಂದು ಚಮಚ ಹಾಕುವ ಕಡೆ ಇದು ಮೂರು ಚಮಚ ಬೇಕು. ಇದನ್ನು ಹಾಕಿ ಮಜ್ಜಿಗೆಯನ್ನೂ ಹಾಕಿದರೆ ಮಜ್ಜಿಗೆಯ ಹುಳಿಯನ್ನು ತಿನ್ನುವವರಿಲ್ಲದೆ ಕೇಕು ಹುಳಿಯಾಗುತ್ತದೆ, ಆದ್ದರಿಂದ ಸಿಹಿ ಹಾಲೇ ಸರಿ. ಸಿಹಿ ಹಾಲಿಗೆ ಬರೀ ಸೋಡಾ ಹಾಕಿದರೋ, ಸೋಡಾವನ್ನು ತಿನ್ನುವವರಿಲ್ಲ. ಅದು ಕೇಕಿನಲ್ಲೇ ಕೂತುಬಿಡುತ್ತದೆ. ಪಾಕದಲ್ಲಿರುವ ಅಷ್ಟಿಷ್ಟು ಹುಳಿ ಅದಕ್ಕೆ ಸಾಲುವುದಿಲ್ಲ. ಸವಳು ಸವಳು, ಸೋಪು ನೆಕ್ಕಿದ ಹಾಗಿರುತ್ತದೆ. ಇದಿಷ್ಟನ್ನೂ ಅವಳು ತನ್ನ ಬಾಯಿಂದಲೇ ಹೇಳಿದಳು, ಐರಾ ತಲೆಯಾಡಿಸುತ್ತ ಕೇಳಿಸಿಕೊಂಡಳು. ಬಣ್ಣ ಸ್ವಲ್ಪ ತಿಳಿಯಾಗುತ್ತದೆ, ಮಾರನೆಯ ದಿನಕ್ಕೆ ಸ್ವಲ್ಪ ಒಣಗುತ್ತದೆ, ಆದರೆ ಉಬ್ಬುವುದು ಚೆನ್ನಾಗಿ ಉಬ್ಬುತ್ತದೆ, ಯಾರೂ ಬೈಯುವುದಿಲ್ಲ ಎಂದು ತೈಮಿ ಪಾಠ ಮುಗಿಸಿದಳು.

ಅಡುಗೆಕೋಣೆಯಲ್ಲಿ ಹಿಟ್ಟು, ಮಸಾಲೆ, ಸಕ್ಕರೆ ಎಲ್ಲ ಬೋಗುಣಿಗೆ ಬಿದ್ದಾಗಿತ್ತು. ಆಗ ಫೋನು ಬಂತು. ಲೆಂಪಿ. ನಾಳೆ ಯಾವ ಕೀರ್ತನೆ ಹಾಡಬೇಕೆಂದು ಕೇಳಲು ಮಾಡಿದವಳು ಅದನ್ನು ಬಿಟ್ಟು ಬೇರೇನೋ ಹೇಳತೊಡಗಿದಳು. ವಿಲ್ಹೊ ಕೊನೆಯ ವಾರ ಏನನ್ನೂ ನುಂಗುತ್ತಿರಲಿಲ್ಲವಂತೆ. ನನಗಂತೂ ಆಗೋದಿಲ್ಲ, ಬಂದವರಿಗಾದರೂ ತೈಮಿಯ ಕೇಕು ಸಿಗಲಿ ಎಂದನಂತೆ. ತೈಮಿ ಫೋನಿಟ್ಟು ಕಣ್ಣೊರೆಸಿಕೊಂಡು ಬಂದು ಬೋಗುಣಿಯ ಮುಂದೆ ನಿಂತಳು. ಕೈ ತನ್ನಷ್ಟಕ್ಕೆ ಕಪಾಟಿನ ಕಡೆ ಹೋಯಿತು, ಡಬ್ಬಿ ತೆಗೆಯಿತು, ಚಮಚ ತುಂಬಿ ಅಂಚು ಸವರಿ ಹಿಟ್ಟಿಗೆ ಹಾಕಿತು. ಎಷ್ಟೋ ವರ್ಷ ಮಾಡಿದ ಕೆಲಸ. ಅದಕ್ಕೆ ತಲೆ ಬೇಕಾಗಿರಲಿಲ್ಲ. ತಲೆ ವಿಲ್ಹೊನ ಗಂಟಲಿನ ಹತ್ತಿರ ಇತ್ತು.

ಕೇಕು ಕೊಂಚ ತಗ್ಗಾಗಿ, ಕೊಂಚ ಹೆಚ್ಚೇ ಕಪ್ಪಾಗಿ ಬಂದಾಗ ಅವಳು ಒಲೆಯನ್ನು ಬೈದಳು. ಐರಾ ಪುಟ್ಟ ಕೇಕಿನ ಚೂರನ್ನು ಬಾಯಿಗಿಟ್ಟುಕೊಂಡು ಕಿಟಕಿಯ ಕಡೆ ತಿರುಗಿ ನಿಂತಳು. ಹೊರಗೆ ಗುಡಾರದ ಹಾಗೆ ಕುಸಿಯುತ್ತಿದ್ದ ಹಿಮದ ರಾಶಿ ಬಿಟ್ಟರೆ ನೋಡುವಂಥದ್ದೇನೂ ಇರಲಿಲ್ಲ. ಅವಳು ಎರಡು ಗುಟುಕು ಕಾಫಿ ಕುಡಿದಳು.

"ಹೇಗಿದೆ?" ಎಂದಳು ತೈಮಿ.

"ಚೆನ್ನಾಗಿದೆ. ಯಾವಾಗಿನ ಹಾಗೇ."

ತೈಮಿ ಉಸಿರು ಬಿಟ್ಟಳು.

ಶನಿವಾರ ಗೋರಿಯ ಹತ್ತಿರ ಗಾಳಿ ಕೊಯ್ಯುತ್ತಿತ್ತು, ಜನ ಸಭಾಮನೆಗೆ ಬಂದದ್ದೇ ನಡುಗುತ್ತ. ಮೊದಲು ಸಾಲ್ಮನ್ ಮೀನಿನ ಸಾರು, ಆಮೇಲೆ ಕಾಫಿ, ಕಾಫಿಯ ಜೊತೆ ಕೇಕು. ಅಡುಗೆಕೋಣೆಗೂ ಸಭಾಮನೆಗೂ ನಡುವೆ ಒಂದು ಕಿಂಡಿ, ಅದರ ಮುಂದೆ ಹಲಗೆ. ತಟ್ಟೆಗಳು ಅತ್ತ ಹೋಗುವುದೂ ಇತ್ತ ಬರುವುದೂ ಅಲ್ಲಿಂದಲೇ. ತೈಮಿ ಅಲ್ಲೇ ನಿಂತಿದ್ದಳು. ಊಟದ ಸದ್ದು ಕೇಳಿದರೆ ಅವಳಿಗೆ ಅಡುಗೆಯ ರುಚಿ ತಿಳಿಯುತ್ತಿತ್ತು. ಚೆನ್ನಾಗಿದ್ದರೆ ಮೊದಲು ಮೌನ, ಆಮೇಲೆ ಮಾತು. ಇವತ್ತು ಮಾತು ಮೊದಲೇ ಶುರುವಾಯಿತು, ಅದೂ ಗುಸುಗುಸು.

ಆಮೇಲೆ ತಟ್ಟೆಗಳು ಬಂದವು. ಹಾಪಲಹ್ತಿಯವರು ತಟ್ಟೆಯಲ್ಲಿ ಬಿಡುವವರಲ್ಲ. ಬರಗಾಲದ ಕಥೆ ಕೇಳಿಕೊಂಡು ಬೆಳೆದವರು, ತುಣುಕನ್ನೂ ಬೆರಳಲ್ಲಿ ಒತ್ತಿ ತಿನ್ನುವವರು. ಸಾವಿನ ಮನೆಯ ಕಾಫಿಯಲ್ಲಿ ಬಿಡುವುದೆಂದರೆ ಸತ್ತವನಿಗೇ ಅವಮಾನ. ಬಂದ ಮೊದಲ ತಟ್ಟೆಯಲ್ಲಿ ಕಾಗದದ ಕರವಸ್ತ್ರ ಉಬ್ಬಿಕೊಂಡಿತ್ತು. ಎತ್ತಿದರೆ ಕೆಳಗೆ ಕೇಕಿನ ಹೋಳು, ಒಂದೇ ಕಚ್ಚಿನ ಗುರುತು. ಎರಡನೆಯದೂ ಹಾಗೇ. ಅದರ ಮುಂದಿನದೂ. ಎಲ್ಲರೂ ಕರವಸ್ತ್ರ ಹೊದಿಸಿದ್ದರು, ಸತ್ತವರಿಗೆ ಹೊದಿಸಿದ ಹಾಗೆ. ಅಷ್ಟು ಮರ್ಯಾದೆ ಅವರಿಗಿತ್ತು.

ತೈಮಿ ಒಂದು ಹೋಳನ್ನು ಬಾಯಿಗೆ ತುರುಕಿಕೊಂಡಳು. ಮೆತ್ತಗಿತ್ತು, ಅಷ್ಟೇ. ನಾಲಿಗೆ ಬತ್ತಿದ ಬಾವಿಯ ಹಾಗೆ ಸುಮ್ಮನಿತ್ತು. ಹಾಳಾದ್ದು! ಹೋಳನ್ನು ಬೆಳಕಿಗೆ ಹಿಡಿದು ನೋಡಿದಳು. ಕಣ್ಣಿಗೆ ಇನ್ನೂ ಜೀವ ಇತ್ತಲ್ಲ. ಬೇಕಿಂಗ್ ಪೌಡರಿನ ಕೇಕು ತಿಳಿಗಂದು ಆಗಬೇಕಿತ್ತು, ಇದು ಕರಿಗಂದು. ಅಡಿ ದಿಮ್ಮಗೆ ಕೂತಿದೆ, ಮೇಲೆ ಒರಟು ತೂತುಗಳು. ಅವಳು ಕಪಾಟು ತೆಗೆದಳು. ಹೊಸ ಡಬ್ಬಿ ಅಲ್ಲೇ ಇತ್ತು. ಅದರ ಬಾಯಿಗೆ ಅಂಟಿಸಿದ ಕಾಗದದ ಪಟ್ಟಿ ಹರಿದಿರಲಿಲ್ಲ. ಪಕ್ಕದಲ್ಲಿ ಸೋಡಾದ ಹಳೆಯ ಡಬ್ಬಿ, ಮುಚ್ಚಳ ಓರೆ.

ತನ್ನ ಕೈಯೇ. ಬೇರೆ ಯಾರ ಕೈಯೂ ಅಲ್ಲ. ಮಜ್ಜಿಗೆಯಿಲ್ಲದ ಹಾಲಿಗೆ ಬರೀ ಸೋಡಾ ಸುರಿದು, ದಾರಿಯಲ್ಲಿ ತಾನೇ ಹೇಳಿದ ಸೋಪನ್ನು ತಾನೇ ಮಾಡಿ, ವಿಲ್ಹೊನ ಹೆಸರಿನಲ್ಲಿ ಊರಿಗೆಲ್ಲ ಹಂಚಿದ್ದಾಳೆ. ಅವಳಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಐರಾಗೆ ಹೇಳಬೇಕು, ಐರಾ ಏನಾದರೂ ಮಾಡುತ್ತಾಳೆ ಎಂದುಕೊಂಡು ತಿರುಗಿದರೆ ಐರಾ ಕೋಣೆಯಲ್ಲಿರಲಿಲ್ಲ. ಹಿಂಬಾಗಿಲು ತೆರೆದಿತ್ತು. ಹೊರಗೆ ಅವಳ ಕಾರಿನ ಡಿಕ್ಕಿ ಬಡಿದುಕೊಂಡ ಸದ್ದಾಯಿತು.

ಐರಾ ಒಳಗೆ ಬಂದಾಗ ಅವಳ ಎರಡು ಕೈಯಲ್ಲೂ ಬಿಳಿ ಬಟ್ಟೆ ಮುಚ್ಚಿದ ದೊಡ್ಡ ತಟ್ಟೆ ಇತ್ತು. ಬಟ್ಟೆ ತೆಗೆದಳು. ಕೇಕುಗಳು, ಸಾಲಾಗಿ. ಇರಲಿ ಅಂತ ತಂದಿದ್ದೆ ಎಂದು ಯಾರಿಗೋ ಹೇಳುವವಳಂತೆ ಹೇಳಿ, ತೈಮಿಯ ಮುಖ ನೋಡದೆ ಚಕಚಕನೆ ಹೋಳು ಮಾಡಿ, ತಟ್ಟೆ ಹೊತ್ತುಕೊಂಡು ಸಭಾಮನೆಗೆ ನಡೆದಳು.

ಹಲಗೆಯ ಮೇಲೆ ಒಂದು ಹೋಳು ಉಳಿದಿತ್ತು. ತೈಮಿ ಅದನ್ನು ನೋಡಿದಳು. ಎತ್ತರವಾಗಿ ಉಬ್ಬಿದೆ. ತಿಳಿಗಂದು ಬಣ್ಣ. ಸಣ್ಣ ಸಣ್ಣ ತೂತು, ಎಲ್ಲ ಒಂದೇ ಸಮ. ಸಿಹಿ ಹಾಲು, ಸೋಡಾ ಇಲ್ಲ, ಪೌಡರ್ ಮೂರರಷ್ಟು. ತಾನು ಹೇಳಿಕೊಟ್ಟ ಹಾಗೇ, ಒಂದಕ್ಷರ ತಪ್ಪದೆ. ಅದು ನಿನ್ನೆಯ ಕೇಕು ಎನ್ನುವುದೂ ಕಣ್ಣಿಗೇ ತಿಳಿಯಿತು. ಬೆಳಿಗ್ಗೆ ಮಾಡಿದ್ದರೆ ಅಂಚು ಇಷ್ಟು ಒಣಗುತ್ತಿರಲಿಲ್ಲ.

ಆಗ ಅವಳಿಗೆ ನಿಧಾನವಾಗಿ, ಒಂದೊಂದೇ ಮೆಟ್ಟಿಲು ಇಳಿದ ಹಾಗೆ, ಅರ್ಥವಾಯಿತು. ಕೇಕು ಚೆನ್ನಾಗಿದೆ ಎಂದವಳಿಗೆ ಬೇರೆ ಕೇಕು ಯಾಕೆ ಬೇಕಾಗಿತ್ತು? ನಿನ್ನೆ ಕಿಟಕಿಯ ಕಡೆ ತಿರುಗಿ ನಿಂತವಳು ಹಿಮ ನೋಡುತ್ತಿರಲಿಲ್ಲ. ಬಾಯಲ್ಲಿದ್ದ ಸೋಪನ್ನು ನುಂಗುತ್ತಿದ್ದಳು. ನುಂಗಿ, ಯೋಚಿಸಿ, ಚೆನ್ನಾಗಿದೆ ಎಂದಳು. ಆಮೇಲೆ ಮನೆಗೆ ಹೋಗಿ ಒಲೆ ಹಚ್ಚಿದಳು. ಅಯ್ಯೋ, ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವುದು ಇಷ್ಟು ವಯಸ್ಸಾದರೂ ತಿಳಿಯದೆ ಹೋಯಿತಲ್ಲ ತನಗೆ!

ಕಿಂಡಿಯಾಚೆ ಸದ್ದು ಬದಲಾಯಿತು. ಮೊದಲು ಮೌನ, ಆಮೇಲೆ ಚಮಚದ ಸದ್ದು, ಆಮೇಲೆ ಸಲೀಸಾದ ಮಾತು. ಐರಾ ಇಲ್ಲದಿದ್ದರೆ ಇವತ್ತು ಮಾನ ಹೋಗುತ್ತಿತ್ತು ಎಂದು ಕಲೆರ್ವೊ ಯಾರಿಗೋ ಹೇಳುತ್ತಿದ್ದ. ತೈಮಿಗೂ ವಯಸ್ಸಾಯಿತು ಪಾಪ, ಎಷ್ಟು ದಿನ ಅಂತ ಮಾಡುತ್ತಾಳೆ ಎಂದಿತು ಇನ್ನೊಂದು ದನಿ. ಆ ಪಾಪ ಎನ್ನುವ ಶಬ್ದ ತೈಮಿಯ ಎದೆಗೆ ನಾಟಿತು.

ಐರಾ ಖಾಲಿ ತಟ್ಟೆಯೊಂದಿಗೆ ಬಂದಳು. ತೈಮಿ ಕಿಂಡಿಯ ಬಾಗಿಲು ಎಳೆದುಕೊಂಡಳು.

"ನಿನ್ನೆ ಏನು ರುಚಿ ಇತ್ತು ಅದು?"

ಐರಾ ತಟ್ಟೆಯನ್ನು ತೊಟ್ಟಿಗೆ ಇಳಿಸಿದಳು. ನೀರು ಬಿಟ್ಟಳು. ನಿಲ್ಲಿಸಿದಳು.

"ಸೋಪು."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಇನ್ನೊಂದ್ಸಲ ಮಾಡ್ತಿದ್ದೆ. ಚೆನ್ನಾಗೇ ಮಾಡ್ತಿದ್ದೆ. ಆಮೇಲೆ ಮುಂದಿನ ಶನಿವಾರ ಮತ್ತೆ ನಾನು ನಿನ್ನ ಪಕ್ಕ ನಿಂತ್ಕೊಂಡು ಬಾಯಿ ತೆರೀಬೇಕಿತ್ತು." ಐರಾ ಕೈ ಒರೆಸಿಕೊಳ್ಳುತ್ತಲೇ ಇದ್ದಳು, ಕೈ ಒಣಗಿದ ಮೇಲೂ. "ಎರಡು ವರ್ಷ ನಾನೇ ರುಚಿ ನೋಡಿದ್ದು, ತೈಮಿ. ಉಪ್ಪು ನಾನು ಹೇಳ್ದೆ, ಸಕ್ಕರೆ ನಾನು ಹೇಳ್ದೆ. ಹೊಗಳಿಕೆ ನಿಂಗೆ. ನನ್ನ ಹೆಸರು ಯಾರಾದ್ರೂ ಒಂದ್ಸಲ ಎತ್ತಿದ್ರಾ? ನೀನಾದ್ರೂ ಎತ್ತಿದ್ಯಾ?"

ತೈಮಿ ಎತ್ತಿರಲಿಲ್ಲ. ಎತ್ತಿದ್ದರೆ ಯಾಕೆ ಎಂದು ಊರು ಕೇಳುತ್ತಿತ್ತು. ಅದು ಸುಳ್ಳೇನಲ್ಲ, ಆದರೆ ಪೂರ್ತಿ ನಿಜವೂ ಅಲ್ಲ, ಅದು ಅವಳಿಗೆ ಗೊತ್ತು.

"ಬೀಗದಕೈ ಬೇಕಿದ್ರೆ ಕೇಳಬೇಕಿತ್ತು," ಎಂದಳು.

"ಕೇಳಿದ್ರೆ ಕೊಡ್ತಿದ್ಯಾ?"

ತೈಮಿ ಕೊಡುತ್ತಿರಲಿಲ್ಲ. ಆದರೂ ಸಿಟ್ಟು ತಣಿಯಲಿಲ್ಲ, ಯಾಕೆ ತಣಿಯಬೇಕು? ಬೀಗದಕೈ ಕಿತ್ತುಕೊಂಡಿದ್ದರೆ ಅದು ಜಗಳ. ಸೋಪನ್ನು ನುಂಗಿ ಚೆನ್ನಾಗಿದೆ ಎಂದದ್ದು ಬೇರೆ. ಕುರುಡಿಗೆ ಹಳ್ಳದ ಕಡೆ ದಾರಿ ತೋರಿಸಿ, ಇದೇ ರಸ್ತೆ, ನಡಿ ಎಂದ ಹಾಗೆ. ಅದೂ ವಿಲ್ಹೊನ ದಿನ.

"ನನ್ನ ನಾಲಿಗೆ ನಿಂದೇ ಅಂದುಕೋ ಅಂದಿದ್ದೆ ನೀನು," ಎಂದಳು ತೈಮಿ.

ಬಾಗಿಲು ತೆರೆಯಿತು. ಲೆಂಪಿ, ಕಪ್ಪು ಉಡುಪಿನಲ್ಲಿ, ಕೈಯಲ್ಲಿ ತನ್ನ ತಟ್ಟೆ ಹಿಡಿದು. ಅದರಲ್ಲಿ ಒಂದು ತುಣುಕೂ ಇರಲಿಲ್ಲ. ಅಂಚಿಗೆ ಅಂಟಿದ್ದ ಕರಿಗಂದು ಪುಡಿ ನೋಡಿ ತೈಮಿಗೆ ತಿಳಿಯಿತು, ಅದು ತನ್ನ ಕೇಕಿನ ತಟ್ಟೆ. ಊರೆಲ್ಲ ಕರವಸ್ತ್ರ ಹೊದಿಸಿದ್ದನ್ನು ಇವಳೊಬ್ಬಳು ಪೂರ್ತಿ ತಿಂದಿದ್ದಳು, ಕೊನೆಯ ಚೂರಿನವರೆಗೆ.

ಲೆಂಪಿ ತಟ್ಟೆಯನ್ನು ಹಲಗೆಯ ಮೇಲಿಟ್ಟು ತೈಮಿಯ ಎರಡೂ ಕೈ ಹಿಡಿದುಕೊಂಡಳು.

"ಚೆನ್ನಾಗಿತ್ತು ಕಣೇ. ಯಾವಾಗಿನ ಹಾಗೇ."

ಅದೇ ಮಾತು. ಅಕ್ಷರ ಕೂಡ ಆಚೀಚೆ ಇಲ್ಲ. ಒಬ್ಬಳು ಅದನ್ನು ತನ್ನನ್ನು ಬೀಳಿಸಲು ಆಡಿದ್ದಳು, ಇನ್ನೊಬ್ಬಳು ಬೀಳದ ಹಾಗೆ ಹಿಡಿಯಲು ಆಡಿದ್ದಳು. ತೈಮಿಯ ಕಿವಿಗೆ ಮಾತ್ರ ಎರಡೂ ಒಂದೇ ಸದ್ದು. ಇನ್ನು ಮುಂದೆ ಯಾರು ಏನೆಂದರೂ ಅದು ಯಾವುದೆಂದು ಅವಳಿಗೆ ತಿಳಿಯುವುದು ಹೇಗೆ? ನಾಲಿಗೆ ಹೋದದ್ದು ಎರಡು ವರ್ಷದ ಹಿಂದೆಯಲ್ಲ, ಇವತ್ತು ಎನಿಸಿತು ಅವಳಿಗೆ.

ಅವಳು ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದಳು. ಜೇಬಿನಿಂದ ಬೀಗದಕೈ ತೆಗೆದು, ಐರಾಳ ಕೈಗೆ ಕೊಡದೆ, ಬಾಯಿ ಒಡೆಯದ ಆ ಬೇಕಿಂಗ್ ಪೌಡರ್ ಡಬ್ಬಿಯ ಮೇಲಿಟ್ಟಳು. ಬಾ, ನಿನ್ನ ಪಕ್ಕ ಕೂರುತ್ತೇನೆ ಎಂದು ಲೆಂಪಿಯ ತೋಳು ಹಿಡಿದು ಸಭಾಮನೆಗೆ ಹೋದಳು. ಅಷ್ಟು ವರ್ಷಗಳಲ್ಲಿ ಅವಳು ಆ ಮೇಜಿಗೆ ಕೂತದ್ದು ತನ್ನ ಗಂಡನ ಮಣ್ಣಿನ ದಿನ ಮಾತ್ರ. ಅವತ್ತೂ ನಡುವೆ ಎದ್ದು ಹೋಗಿ ಕಾಫಿ ನೋಡಿಕೊಂಡು ಬಂದಿದ್ದಳು. ಇವತ್ತು ಏಳಲಿಲ್ಲ.

ಕಾಫಿ ಹೂಜಿ ಹಿಡಿದು ಐರಾ ಬರಲೇಬೇಕಾಯಿತು, ಬೇರೆ ಯಾರಿದ್ದಾರೆ? ಜೊತೆಗೆ ತನ್ನ ಕೇಕಿನ ಒಂದು ಹೋಳನ್ನೂ ತೈಮಿಯ ಮುಂದೆ ಇಡಬೇಕಾಯಿತು. ಎದುರಿಗೆ ಕೂತಿದ್ದ ಕಲೆರ್ವೊ ಒಳ್ಳೆಯ ಮಾತಿನವನು, ಇಬ್ಬರಿಗೂ ನೋವಾಗದಿರಲೆಂದು ನಗುತ್ತ ಮೇಜಿಗೆಲ್ಲ ಕೇಳುವಂತೆ ಹೇಳಿದ.

"ಹೇಳು ತೈಮಿ, ಹೇಗಿದೆ ಐರಾಳ ಕೇಕು? ನಿನ್ನ ನಾಲಿಗೆ ಸೈ ಅಂದ್ರೆ ಊರೇ ಸೈ ಅಂದ ಹಾಗೆ."

ಮುಖಗಳು ತೈಮಿಯ ಕಡೆ ತಿರುಗಿದವು. ಐರಾ ಹೂಜಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಆ ಕೋಣೆಯಲ್ಲಿ ತೈಮಿಯ ಬಾಯಿಯೊಳಗೆ ಏನಿದೆ, ಏನಿಲ್ಲ ಎಂದು ಗೊತ್ತಿದ್ದವಳು ಅವಳೊಬ್ಬಳೇ.

ತೈಮಿ ಚಮಚದಲ್ಲಿ ಒಂದು ತುಂಡು ಕತ್ತರಿಸಿ ಬಾಯಿಗಿಟ್ಟುಕೊಂಡಳು. ನಿಧಾನವಾಗಿ ಅಗಿದಳು. ನುಂಗಿದಳು. ಕಾಫಿ ಕುಡಿಯಲಿಲ್ಲ, ಕಿಟಕಿಯ ಕಡೆ ತಿರುಗಲಿಲ್ಲ. ಐರಾಳ ಕಣ್ಣನ್ನೇ ನೋಡುತ್ತ ಹೇಳಿದಳು.

"ಚೆನ್ನಾಗಿದೆ. ಯಾವಾಗಿನ ಹಾಗೇ."